ನ್ಯೂಜಿಲೆಂಡಿಗೆ ಹೊರಟಿರುವವರು ಮಕ್ಕಳಿಗೆ ಯಾವ ವೀಸಾ ಎಂದು ಮೊದಲೇ ನೋಡಿಕೊಳ್ಳಿ

ಕೆಲಸದ ವೀಸಾ ಸಿಕ್ಕಿತು, ಹೆಂಡತಿ ಮಕ್ಕಳೊಂದಿಗೆ ಹೊರಟೆವು, ಇನ್ನು ಸರ್ಕಾರಿ ಶಾಲೆಯಲ್ಲಿ ಮಕ್ಕಳ ಓದು ಉಚಿತ ಎಂದು ನಂಬಿ ನಾವು ಜನವರಿಯಲ್ಲಿ ಆಕ್ಲೆಂಡಿನಲ್ಲಿ ಇಳಿದೆವು. ಹತ್ತು ವರ್ಷದ ಮಗಳು ಮತ್ತು ಏಳು ವರ್ಷದ ಮಗನ ಮೊದಲ ಟರ್ಮಿಗೆ ನಾವು ತೆತ್ತದ್ದು ಸುಮಾರು 7,000 ನ್ಯೂಜಿಲೆಂಡ್ ಡಾಲರ್. ಅದರಲ್ಲಿ ಒಂದು ಡಾಲರ್ ಕೂಡ ಹಿಂದಿರುಗಲಿಲ್ಲ. ಇದೇ ದಾರಿಯಲ್ಲಿರುವ ಕುಟುಂಬಗಳಿಗೆ ಈ ಗತಿ ಬರಬಾರದೆಂದು ನಡೆದುದನ್ನು ಬರೆಯುತ್ತಿದ್ದೇನೆ.

ತಪ್ಪು ನಡೆದದ್ದು ಬೆಂಗಳೂರಿನಲ್ಲಿಯೇ. ನಮ್ಮ ಅರ್ಜಿಗಳನ್ನು ನೋಡಿಕೊಳ್ಳುತ್ತಿದ್ದ ಸಲಹೆಗಾರರು, "ಮಕ್ಕಳಿಗೆ ಈಗ ವಿಸಿಟರ್ ವೀಸಾ ಮಾಡಿಸೋಣ ಸರ್, ಬೇಗ ಬರುತ್ತದೆ, ಅಲ್ಲಿಗೆ ಹೋದ ಮೇಲೆ ಬದಲಿಸಿಕೊಳ್ಳಬಹುದು" ಎಂದರು. ಬದಲಿಸಿಕೊಳ್ಳಬಹುದು ಎಂಬುದು ನಿಜ. ಆದರೆ ಬದಲಾಗುವ ದಿನದವರೆಗೆ ಶಾಲೆಯ ಲೆಕ್ಕದಲ್ಲಿ ಮಕ್ಕಳು ವಿದೇಶಿ ವಿದ್ಯಾರ್ಥಿಗಳೇ ಆಗಿರುತ್ತಾರೆ ಎಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನ್ಯೂಜಿಲೆಂಡಿನ ವ್ಯವಸ್ಥೆಯಲ್ಲಿ ಶುಲ್ಕವನ್ನು ನಿರ್ಧರಿಸುವುದು ತಂದೆತಾಯಿಯ ವೀಸಾ ಮಾತ್ರವಲ್ಲ, ಮಗುವಿನ ಪಾಸ್‌ಪೋರ್ಟಿಗೆ ಸೇರಿದ ವೀಸಾ ಕೂಡ. ಕೆಲಸದ ವೀಸಾ ಹೊಂದಿದವರ ಮಗುವಿಗೆ ಡಿಪೆಂಡೆಂಟ್ ಚೈಲ್ಡ್ ಸ್ಟೂಡೆಂಟ್ ವೀಸಾ ಇದ್ದರೆ ಶಾಲೆ ಆ ಮಗುವನ್ನು ಡೊಮೆಸ್ಟಿಕ್ ವಿದ್ಯಾರ್ಥಿ ಎಂದು ದಾಖಲಿಸುತ್ತದೆ. ಆಗ ಬೋಧನಾ ಶುಲ್ಕವಿಲ್ಲ, ಕೆಲವು ಶಾಲೆಗಳು ಡೊನೇಷನ್ ಕೇಳಿದರೂ ಅದನ್ನು ಕೊಡುವುದು ಕಡ್ಡಾಯವಲ್ಲ. ವಿಸಿಟರ್ ವೀಸಾದಲ್ಲಿ ಮೂರು ತಿಂಗಳವರೆಗೆ ಓದಲು ಅವಕಾಶವಿದೆಯಾದರೂ ಅದು ಪೂರ್ಣ ಶುಲ್ಕದ ಓದು. ನಮ್ಮ ಮನೆಯ ಪಕ್ಕದ ಶಾಲೆಗೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿಯೇ ಇರಲಿಲ್ಲ. ಹೀಗಾಗಿ ದೂರದ ಶಾಲೆಯೊಂದಕ್ಕೆ ಸೇರಿಸಿ, ವೀಸಾ ಬಂದ ಮೇಲೆ ಮತ್ತೆ ಪಕ್ಕದ ಶಾಲೆಗೆ ಬದಲಿಸಬೇಕಾಯಿತು. ಹಣಕ್ಕಿಂತ ನನಗೆ ಹೆಚ್ಚು ನೋವು ಕೊಟ್ಟದ್ದು ಇದು: ಆಗಷ್ಟೇ ಗೆಳತಿಯರನ್ನು ಮಾಡಿಕೊಂಡಿದ್ದ ಮಗಳು ಎರಡನೆಯ ಬಾರಿ ಹೊಸಬಳಾದಳು.

ಮಕ್ಕಳ ಸ್ಟೂಡೆಂಟ್ ವೀಸಾಗೆ ಆದಾಯದ ಮಿತಿಯೊಂದಿದೆ. ನನ್ನಂತೆ ಅಕ್ರೆಡಿಟೆಡ್ ಎಂಪ್ಲಾಯರ್ ವರ್ಕ್ ವೀಸಾದಲ್ಲಿ ಬಂದವರು ಮಕ್ಕಳಿಗಾಗಿ ಅರ್ಜಿ ಹಾಕಲು ಬೇಕಾದ ಕನಿಷ್ಠ ವಾರ್ಷಿಕ ಆದಾಯವನ್ನು 2025ರ ಮಾರ್ಚ್‌ನಲ್ಲಿ 55,844 ಡಾಲರಿಗೆ ಏರಿಸಲಾಯಿತು; ಅದಕ್ಕೆ ಮೊದಲು ಅದು ಸುಮಾರು 43,000 ಡಾಲರ್ ಇತ್ತು. ಆಫರ್ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಆ ದಿನದ ಮಿತಿಯನ್ನು ಇಮಿಗ್ರೇಷನ್ ಇಲಾಖೆಯ ಜಾಲತಾಣದಲ್ಲಿ ನೋಡಿ, ಸಂಬಳ ಅದನ್ನು ದಾಟುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಇಲ್ಲಿಗೆ ಬಂದ ಮೇಲೆ ಹಾಕಿದ ಅರ್ಜಿಯೂ ಸಲೀಸಾಗಿ ಸಾಗಲಿಲ್ಲ. ಮಗನ ಜನನ ಪ್ರಮಾಣಪತ್ರದಲ್ಲಿ ಅವನ ಹೆಸರೇ ಇರಲಿಲ್ಲ. ಆಸ್ಪತ್ರೆಯಿಂದ ಬಂದ ನೋಂದಣಿಯ ನಂತರ ಹೆಸರು ಸೇರಿಸುವುದನ್ನು ನಾವು ಮರೆತಿದ್ದೆವು. ಮಗಳದರಲ್ಲಿ ತಾಯಿಯ ಹೆಸರು ಇನಿಷಿಯಲ್ ಜೊತೆಗೆ ಇದ್ದರೆ, ತಾಯಿಯ ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಪೂರ್ಣ ಹೆಸರಾಗಿ ಬಿಡಿಸಿಕೊಂಡಿತ್ತು. ನಮ್ಮ ಕಡೆ ಇದು ಯಾರಿಗೂ ದೊಡ್ಡ ವಿಷಯವಲ್ಲ, ಆದರೆ ಮಗು ನಿಮ್ಮದೇ ಎಂದು ಕಾಗದದ ಮೂಲಕ ತೋರಿಸಬೇಕಾದಾಗ ಎರಡು ಹೆಸರುಗಳು ಇಬ್ಬರು ವ್ಯಕ್ತಿಗಳಂತೆ ಕಾಣುತ್ತವೆ. ಊರಿನಲ್ಲಿದ್ದ ನನ್ನ ತಮ್ಮ ನಗರಸಭೆಗೆ ಅಲೆದು ತಿದ್ದುಪಡಿ ಮಾಡಿಸಿ ಕಳುಹಿಸುವ ಹೊತ್ತಿಗೆ ನಾಲ್ಕು ವಾರ ಕಳೆದಿತ್ತು, ಆ ನಾಲ್ಕು ವಾರಗಳೂ ಶುಲ್ಕದ ವಾರಗಳೇ. ಊರು ಬಿಡುವ ಮುನ್ನ ಈ ಒಂದು ಕಾಗದವನ್ನು ಅಕ್ಷರ ಅಕ್ಷರವಾಗಿ ಪಾಸ್‌ಪೋರ್ಟಿನೊಂದಿಗೆ ಹೋಲಿಸಿ ನೋಡಿ.

ಶಾಲೆ ಕೇಳಿದ ಉಳಿದ ದಾಖಲೆಗಳಲ್ಲಿ ತೊಡಕು ಕಡಿಮೆ. ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳ ಜೊತೆಗೆ, ಶಾಲೆಗೆ ಗಡಿ ಗೊತ್ತುಪಡಿಸಿದ ಪ್ರದೇಶವಿದ್ದರೆ ಅದರೊಳಗೆ ವಾಸವಿರುವುದಕ್ಕೆ ಬಾಡಿಗೆ ಕರಾರು ಅಥವಾ ವಿದ್ಯುತ್ ಬಿಲ್ ಕೊಡಬೇಕು. ಸ್ನೇಹಿತರ ಮನೆಯಲ್ಲಿ ತಾತ್ಕಾಲಿಕವಾಗಿ ಇಳಿದುಕೊಂಡಿದ್ದಾಗ ಇದು ನಮ್ಮಲ್ಲಿ ಇರಲಿಲ್ಲ. ಪ್ರಾಥಮಿಕ ಶಾಲೆ ಲಸಿಕೆಯ ಪ್ರಮಾಣಪತ್ರವನ್ನೂ ಕೇಳುತ್ತದೆ. ಲಸಿಕೆಗಳ ವಿವರವಿರುವ ತಾಯಿ ಕಾರ್ಡನ್ನು ನಾವು ಜೊತೆಯಲ್ಲಿ ತಂದಿದ್ದರಿಂದ ಇಲ್ಲಿನ ವೈದ್ಯರಿಗೆ ಅದನ್ನು ಬರೆದುಕೊಡುವುದು ಸುಲಭವಾಯಿತು.

ವೀಸಾ ಮಂಜೂರಾದ ದಿನದಿಂದ ಮಕ್ಕಳು ಡೊಮೆಸ್ಟಿಕ್ ವಿದ್ಯಾರ್ಥಿಗಳಾದರು. ಹಿಂದಿನ ದಿನಗಳಿಗೆ ಅದು ಅನ್ವಯಿಸುವುದಿಲ್ಲವೆಂದು ಶಾಲೆಯ ಕಚೇರಿಯವರು ಸೌಜನ್ಯದಿಂದಲೇ ತಿಳಿಸಿದರು. ಮಕ್ಕಳ ವೀಸಾಗೆ ತನ್ನದೇ ಮುಕ್ತಾಯದ ದಿನಾಂಕವಿದ್ದು, ನನ್ನ ವೀಸಾ ನವೀಕರಣವಾದರೆ ಅವರದು ತಾನಾಗಿ ಮುಂದುವರಿಯುವುದಿಲ್ಲ. ಆ ದಿನಾಂಕವನ್ನು ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಹಾಕುವುದೆಂದು ಬರೆದಿಟ್ಟಿದ್ದೇವೆ.