ಅಮ್ಮನ ಮಾತ್ರೆ, ಇನ್ಸುಲಿನ್: ಎರಡು ಆ್ಯಪ್, ಒಂದು ಬೀದಿಯ ಮೆಡಿಕಲ್

ಅಮ್ಮನಿಗೆ ಬಿಪಿಗೆ ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಮಾತ್ರೆ, ಶುಗರ್‌ಗೆ ಗ್ಲಾರ್ಜಿನ್ ಇನ್ಸುಲಿನ್. ಒಂದು ತಿಂಗಳು ಒಂದು ಆ್ಯಪ್, ಮರುತಿಂಗಳು ಇನ್ನೊಂದು, ಮೂರನೇ ತಿಂಗಳು ನಮ್ಮ ಬೀದಿಯ ಮೆಡಿಕಲ್ ಶಾಪ್. ಹೀಗೆ ಮೂರು ಕಡೆ ತರಿಸಿ ನೋಡಿದೆ.

ಮೊದಲನೆಯ ಆ್ಯಪ್‌ನಲ್ಲಿ ಬೆಲೆ ಎಲ್ಲಕ್ಕಿಂತ ಕಡಿಮೆ. ಆದರೆ ಡಾಕ್ಟರ ಚೀಟಿಯನ್ನೇ ಕೇಳಲಿಲ್ಲ. ಟೆಲ್ಮಿಸಾರ್ಟಾನ್ ಸ್ಟ್ರಿಪ್ ಮೇಲೆ Rx ಗುರುತಿದೆ. ಚೀಟಿ ಇಲ್ಲದೆ ಅದನ್ನು ಮಾರುವ ಹಾಗಿಲ್ಲ. ಬಂದ ಸ್ಟ್ರಿಪ್ಪನ್ನು ಅರ್ಧಕ್ಕೆ ಕತ್ತರಿಸಿದ್ದರು. ಬ್ಯಾಚ್ ನಂಬರ್, ಎಕ್ಸ್‌ಪೈರಿ ಅಚ್ಚಾಗಿದ್ದ ತುದಿಯೇ ಇರಲಿಲ್ಲ! ಬಿಲ್ಲಿನಲ್ಲಿ ಲೈಸೆನ್ಸ್ ನಂಬರೂ ಇಲ್ಲ. ಮಾತ್ರೆಯನ್ನು ಅಮ್ಮನಿಗೆ ಕೊಡದೆ ವಾಪಸ್ ಕಳಿಸಿದೆ.

ಎರಡನೆಯದು ಚೀಟಿಯ ಫೋಟೋ ಕೇಳಿತು. ಅದು ಹತ್ತು ತಿಂಗಳು ಹಳೆಯದಾಗಿತ್ತು. ಅವರ ಫಾರ್ಮಸಿಸ್ಟ್ ಫೋನ್ ಮಾಡಿ, "ಡೋಸ್ ಬದಲಾಗಿರಬಹುದು, ಹೊಸ ಚೀಟಿ ಕಳಿಸಿ" ಅಂದರು. ಎರಡು ದಿನ ತಡವಾಯಿತು, ಆದರೂ ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಅಲ್ಲೇ. ಬಿಲ್ಲಿನಲ್ಲಿ ಆ್ಯಪ್ ಹೆಸರಿನ ಜೊತೆಗೆ ನಿಜವಾಗಿ ಮಾರಿದ ಅಂಗಡಿಯ ಹೆಸರು, ವಿಳಾಸವೂ ಇದ್ದವು. ನೋಡಬೇಕಾದ್ದು ಆ ಅಂಗಡಿಯ ಲೈಸೆನ್ಸನ್ನು, ಆ್ಯಪ್‌ನ ಜಾಹೀರಾತನ್ನಲ್ಲ. ಚಿಲ್ಲರೆ ಔಷಧ ಅಂಗಡಿಗೆ ಸಾಮಾನ್ಯವಾಗಿ ಎರಡು ಲೈಸೆನ್ಸ್ ಇರುತ್ತವೆ: ಫಾರ್ಮ್ 20 ಮತ್ತು 21. ಇನ್ಸುಲಿನ್ ಮಾರಲು 21 ಬೇಕೇಬೇಕು. 20B, 21B ಅಂತ ಮಾತ್ರ ಇದ್ದರೆ ಅದು ಹೋಲ್‌ಸೇಲ್ ಲೈಸೆನ್ಸ್, ನಮ್ಮಂಥವರಿಗೆ ಮಾರುವುದಕ್ಕಲ್ಲ.

ಆಮೇಲೆ ಬಿಲ್ಲಿನ ಬ್ಯಾಚ್ ನಂಬರನ್ನು ಸ್ಟ್ರಿಪ್ ಜೊತೆ ಹೋಲಿಸಿದೆ. ಅಕ್ಷರಕ್ಕೆ ಅಕ್ಷರ ಹೊಂದಿತು. ಎಕ್ಸ್‌ಪೈರಿ ಎಂದು ತಿಂಗಳು ಮಾತ್ರ ಬರೆದಿದ್ದರೆ, ಆ ತಿಂಗಳ ಕೊನೆಯ ದಿನದವರೆಗೂ ಬಳಸಬಹುದು. ಆದರೆ ಮೂರು ತಿಂಗಳಿಗೆ ಆಗುವಷ್ಟು ತರಿಸುವಾಗ, ಕೊನೆಯ ಮಾತ್ರೆ ನುಂಗುವ ದಿನಕ್ಕೂ ಅವಧಿ ಉಳಿದಿರಬೇಕು ಅಲ್ವಾ?

ಇದೇ ಆ್ಯಪ್ ಸೋತಿದ್ದು ಇನ್ಸುಲಿನ್‌ನಲ್ಲಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ನಮಗೆ ಬಂದ ಡಬ್ಬಿಯೊಳಗಿನ ಐಸ್ ಜೆಲ್ ಪೂರ್ತಿ ಕರಗಿ ಬೆಚ್ಚಗಾಗಿತ್ತು. ಗ್ಲಾರ್ಜಿನ್ ನೀರಿನ ಹಾಗೆ ತಿಳಿಯಾಗಿರಬೇಕು, ಮಸುಕಾಗಿದ್ದರೆ ಎಸೆಯಬೇಕು. ಆದರೆ ತಿಳಿಯಾಗಿದ್ದ ಮಾತ್ರಕ್ಕೆ ಕೆಟ್ಟಿಲ್ಲ ಅಂತ ಹೇಳಲಾಗದು. ಬಿಸಿಗೆ ಶಕ್ತಿ ಕುಂದಿದ್ದು ಕಣ್ಣಿಗೆ ಕಾಣುವುದಿಲ್ಲ. ಡೆಲಿವರಿ ಹುಡುಗ ಇರುವಾಗಲೇ ಡಬ್ಬಿ ತೆರೆದು ಫೋಟೋ ತೆಗೆದುಕೊಂಡಿದ್ದೆ, ಅದರಿಂದ ದುಡ್ಡು ವಾಪಸ್ ಬಂತು.

ಬೀದಿಯ ಮೆಡಿಕಲ್‌ನಲ್ಲಿ ರಿಯಾಯಿತಿ ಕಡಿಮೆ. ಆದರೆ ಲೈಸೆನ್ಸ್ ಗೋಡೆಯ ಮೇಲೇ ತೂಗುತ್ತಿದೆ. ಇನ್ಸುಲಿನ್ನನ್ನು ಅವರು ನನ್ನ ಕಣ್ಣೆದುರೇ ಫ್ರಿಜ್‌ನಿಂದ ತೆಗೆಯುತ್ತಾರೆ, ಐದೇ ನಿಮಿಷಕ್ಕೆ ಅದು ನಮ್ಮ ಫ್ರಿಜ್ ಸೇರುತ್ತದೆ. ಕರೆಂಟ್ ಹೋದರೆ ಏನು ಮಾಡುತ್ತೀರಿ ಅಂತ ಕೇಳಿದ್ದಕ್ಕೆ ಇನ್ವರ್ಟರ್ ತೋರಿಸಿದರು.

ಈಗ ಮಾತ್ರೆ ಎರಡನೆಯ ಆ್ಯಪ್‌ನಿಂದ, ಇನ್ಸುಲಿನ್ ಬೀದಿಯ ಅಂಗಡಿಯಿಂದ. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ಇರುವ ತುದಿಯನ್ನು ಕೊನೆಯವರೆಗೂ ಉಳಿಸಿ ಅಂತ ಅಮ್ಮನಿಗೂ ಹೇಳಿದ್ದೇನೆ.