ಹೆಡ್‌ಲೈನ್ ಬದಲಿಸಿ ಕ್ಲಿಕ್ ಡಬಲ್ ಮಾಡಿದೆ ಅಂದರೆ ನಂಬುವ ಮುಂಚೆ ಇದನ್ನು ನೋಡಿ

ಬೇಕಲದ ಹತ್ತಿರ ನಮ್ಮ ಅಣ್ಣನ ಹೋಂಸ್ಟೇ ಇದೆ. ಅದರ ವೆಬ್‌ಸೈಟಿನಲ್ಲಿ ಬೇಕಲ ಕೋಟೆಯ ಬಗ್ಗೆ ಇರುವ ಪುಟಕ್ಕೆ ಗೂಗಲ್‌ನಿಂದ ಜನ ಬರುತ್ತಾರೆ. ಎರಡು ಹೆಡ್‌ಲೈನ್ ಒಂದಾದ ಮೇಲೊಂದು ಹಾಕಿ ನೋಡೋಣ, ಗೆದ್ದದ್ದನ್ನು ಇಟ್ಟುಕೊಳ್ಳೋಣ ಎಂದು ಒಬ್ಬರು ಕೆಲಸ ಒಪ್ಪಿಕೊಂಡರು. ಸೆಪ್ಟೆಂಬರಿನಲ್ಲಿ "ಬೇಕಲ ಕೋಟೆಯ ಇತಿಹಾಸ" ಇತ್ತು. ಅಕ್ಟೋಬರ್ 1ಕ್ಕೆ "ಬೇಕಲ ಕೋಟೆ: ಸಮಯ, ಟಿಕೆಟ್, ದಾರಿ" ಎಂದು ಬದಲಿಸಿದರು. ತಿಂಗಳ ಕೊನೆಗೆ "ಕ್ಲಿಕ್ ಡಬಲ್" ಎಂಬ ವರದಿ ಬಂತು, ಜೊತೆಗೆ ದೊಡ್ಡ ಬಿಲ್ಲೂ ಬಂತು. ಅಣ್ಣ ಕೊಟ್ಟುಬಿಟ್ಟ.

ಆ ವರದಿಯಲ್ಲಿ ಕ್ಲಿಕ್ ಮಾತ್ರ ಇತ್ತು. ಗೂಗಲ್ ಹುಡುಕಾಟದಲ್ಲಿ ನಮ್ಮ ಸೈಟಿನ ಲೆಕ್ಕ ತೋರಿಸುವ ಸರ್ಚ್ ಕನ್ಸೋಲ್‌ನ Performance ತೆರೆದರೆ ಪಕ್ಕದಲ್ಲೇ Impressions ಇದೆ, ಅಂದರೆ ನಮ್ಮ ಕೊಂಡಿ ಹುಡುಕಾಟದಲ್ಲಿ ಎಷ್ಟು ಸಲ ಕಾಣಿಸಿತು ಎಂಬ ಲೆಕ್ಕ. ದುಂಡು ಅಂಕಿಯಲ್ಲಿ ಹೇಳುವುದಾದರೆ, ಮೊದಲು 4000 ಸಲ ಕಂಡು 120 ಕ್ಲಿಕ್, ಆಮೇಲೆ 8000 ಸಲ ಕಂಡು 240 ಕ್ಲಿಕ್. ಎರಡೂ 3%. ದಸರಾ ರಜೆ ಬಂತು, ಮಂಗಳೂರು ಕಡೆಯಿಂದ ಕೋಟೆಗೆ ಹೊರಡುವವರು ಜಾಸ್ತಿ ಹುಡುಕಿದರು, ಅಷ್ಟೇ. ಹೆಡ್‌ಲೈನ್ ಕಂಡವರಲ್ಲಿ ಒತ್ತಿದವರ ಪಾಲು ಒಂದಿಷ್ಟೂ ಏರಲಿಲ್ಲ. ಒಂದು ವೇಳೆ ಅದು ಸ್ವಲ್ಪ ಏರಿದ್ದರೂ ಕೂಡಲೇ ಒಪ್ಪುವ ಹಾಗಿಲ್ಲ. 120 ಕ್ಲಿಕ್ ಬರುವ ಕಡೆ ಇಪ್ಪತ್ತರಷ್ಟು ಆಚೀಚೆ ಆಗುವುದು ಸುಮ್ನೆ ಆಕಸ್ಮಿಕವಾಗಿಯೂ ಇರಬಹುದು.

ಇನ್ನೊಂದು ವಿಷಯ ನನಗೆ ಹೆಚ್ಚು ಬೇಸರ ತಂದಿತು. ಸರ್ಚ್ ಕನ್ಸೋಲಿನಲ್ಲೇ ಇರುವ URL Inspection ನಲ್ಲಿ Last crawl ನೋಡಿದರೆ, ಹೆಡ್‌ಲೈನ್ ಬದಲಾದ ಮೇಲೆ ಗೂಗಲ್ ಆ ಪುಟಕ್ಕೆ ಮತ್ತೆ ಬಂದದ್ದು ತಡವಾಗಿ. ಅಲ್ಲಿವರೆಗೆ ಜನರಿಗೆ ಕಂಡದ್ದು ಹಳೆಯ ಹೆಡ್‌ಲೈನೇ. ಆ ದಿನಗಳ ಕ್ಲಿಕ್ಕನ್ನೂ ಹೊಸದರ ಲೆಕ್ಕಕ್ಕೆ ಸೇರಿಸಿದ್ದರು. ಗೂಗಲ್ ಕೆಲವೊಮ್ಮೆ ನಾವು ಕೊಟ್ಟ ಹೆಡ್‌ಲೈನ್ ಬಿಟ್ಟು ತಾನೇ ಬೇರೆಯದನ್ನು ತೋರಿಸುವುದೂ ಇದೆ. ಆದ್ದರಿಂದ ನೀವೇ ಹುಡುಕಿ, ಅಲ್ಲಿ ಏನು ಕಾಣುತ್ತದೆ ಅಂತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಇಂಥ ಕೆಲಸ ಮಾಡಿಸುವವರು ವರದಿಯನ್ನು ಹೀಗೆ ಕೇಳಿ. ಆ ಒಂದು ಪುಟವನ್ನೇ ಆರಿಸಿ, "ಬೇಕಲ ಕೋಟೆ" ಥರದ ಒಂದೇ ಹುಡುಕುಪದ ಹಾಕಿ, Compare ನಲ್ಲಿ ಎರಡೂ ಕಡೆ ಪೂರ್ತಿ ವಾರಗಳನ್ನೇ ಇಡಬೇಕು. ಒಂದು ಕಡೆ ಎರಡು ಭಾನುವಾರ, ಇನ್ನೊಂದು ಕಡೆ ಮೂರು ಬಂದರೆ ಲೆಕ್ಕ ಕೆಡುತ್ತದೆ. ಕೊನೆಯ ಎರಡು ಮೂರು ದಿನಗಳ ಅಂಕಿ ಇನ್ನೂ ಬದಲಾಗಬಹುದು, ಅವನ್ನು ಬಿಡಿ. ಆಮೇಲೆ Position ನೋಡಿ. ಒಂಬತ್ತನೇ ಜಾಗದಿಂದ ನಾಲ್ಕಕ್ಕೆ ಏರಿದ ಪುಟವನ್ನು ಯಾವ ಹೆಡ್‌ಲೈನ್ ಇದ್ದರೂ ಜನ ಜಾಸ್ತಿ ಒತ್ತುತ್ತಾರೆ ಅಲ್ವಾ? ಜಾಗ ಹೆಚ್ಚುಕಡಿಮೆ ಅಲ್ಲೇ ಇದ್ದು CTR, ಅಂದರೆ ಕಂಡದ್ದರಲ್ಲಿ ಒತ್ತಿದ್ದರ ಪಾಲು ಮಾತ್ರ ಏರಿದ್ದರೆ ಹೆಡ್‌ಲೈನಿನ ಮಾತು ಎತ್ತಬಹುದು.

ಆಗಲೂ ಹಳೆಯ ಹೆಡ್‌ಲೈನನ್ನು ಮತ್ತೊಮ್ಮೆ ಹಾಕಿಸಿ, ಗೂಗಲ್ ಅದನ್ನು ಓದಿದ ದಿನದಿಂದ ಎಣಿಸಲು ಹೇಳಿ. CTR ಮತ್ತೆ ಇಳಿಯದಿದ್ದರೆ ಏರಿಸಿದ್ದು ಹೆಡ್‌ಲೈನ್ ಎನ್ನಲು ಆಧಾರವಿಲ್ಲ. ಇದಕ್ಕೆ ಒಪ್ಪದವರಿಗೆ ಪೂರ್ತಿ ದುಡ್ಡು ಮುಂಗಡ ಕೊಡಬೇಡಿ.