ಮೊಬೈಲ್, ಷೇರು, ಮೋಟರ್: ಮೊದಲ ಚಾನೆಲ್‌ಗೆ ಮೂರು ವಿಷಯ ಹಿಡಿದು ನೋಡಿದ್ದು

ತುಮಕೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರದಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಯೂಟ್ಯೂಬ್ ಚಾನೆಲ್ ಮಾಡಬೇಕು ಅನ್ನಿಸಿದಾಗ ಮೋಟರ್ ವಿಷಯ ತಲೆಗೇ ಬಂದಿರಲಿಲ್ಲ. ದಿನವಿಡೀ ಗ್ರೀಸು, ವಾರ್ನಿಷ್ ವಾಸನೆಯಲ್ಲಿ ಇರೋನಿಗೆ ಕ್ಯಾಮೆರಾ ಮುಂದೆಯೂ ಅದೇ ಯಾಕೆ ಅಂತ. ಅಣ್ಣನ ಮಗ ಮೊಬೈಲ್ ರಿವ್ಯೂ ಮಾಡೋಣ ಚಿಕ್ಕಪ್ಪ ಅಂದ. ಬ್ಯಾಂಕಿನಲ್ಲಿರುವ ಗೆಳೆಯ, ದುಡ್ಡು ಇರೋದು ಷೇರು ಮಾರುಕಟ್ಟೆ ವಿಡಿಯೋದಲ್ಲಿ ಅಂದ. ವಾದ ಮುಗಿಯಲಿಲ್ಲವಾದ್ದರಿಂದ ಒಂದೇ ಗೂಗಲ್ ಖಾತೆಯಲ್ಲಿ ಮೂರು ಬೇರೆ ಬೇರೆ ಚಾನೆಲ್ ತೆರೆದು, ಒಂದೊಂದಕ್ಕೆ ಆರಾರು ವಿಡಿಯೋ ಹಾಕಿ, 90 ದಿನ ಕಾದೆವು. ಮೂರನೆಯದು ಮೋಟರ್, ಲೆಕ್ಕ ಸರಿಹೋಗಲಿ ಅಂತ ಸೇರಿಸಿದ್ದು. ಮೂರನ್ನೂ ಒಂದೇ ಚಾನೆಲ್‌ನಲ್ಲಿ ಬೆರೆಸಲಿಲ್ಲ. ಫೋನ್ ನೋಡಲು ಬಂದವನಿಗೆ ಸ್ಟಾರ್ಟರ್ ಡಬ್ಬಿ ತೋರಿಸಿದರೆ ಅವನು ಒತ್ತದೆ ಮುಂದೆ ಹೋಗುತ್ತಾನೆ, ಆಮೇಲೆ ಯಾವ ವಿಷಯ ಸೋತಿತು ಅಂತಲೇ ಗೊತ್ತಾಗುವುದಿಲ್ಲ.

ಶುರು ಮಾಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದೆವು. ಹಾಳೆ ಪೆನ್ನು ಹಿಡಿದು, ಫೋನು ಪಕ್ಕಕ್ಕಿಟ್ಟು, ಒಂದೊಂದು ವಿಷಯಕ್ಕೆ 30 ವಿಡಿಯೋ ಹೆಸರು ಬರೆಯಬೇಕು. ಷೇರಿನಲ್ಲಿ ನನಗೆ 11 ಬಂದವು, ಅದರಲ್ಲೂ ಅರ್ಧ ಡಿಮ್ಯಾಟ್ ಖಾತೆ ತೆರೆಯೋದು ಹೇಗೆ ಅನ್ನುವ ಒಂದೇ ಮಾತಿನ ಬೇರೆ ಬೇರೆ ರೂಪ. ಮೊಬೈಲಿನಲ್ಲಿ ಅಣ್ಣನ ಮಗ 30 ತುಂಬಿಸಿದ, ಆದರೆ 24 ಮುಂದಿನ ತಿಂಗಳುಗಳಲ್ಲಿ ಬಿಡುಗಡೆಯಾಗಬೇಕಿದ್ದ ಫೋನುಗಳ ಹೆಸರು. ಅಂದರೆ ಅವನಿಗೆ ಗೊತ್ತಿರುವ ವಿಷಯವಲ್ಲ, ಇನ್ನು ಗೊತ್ತಾಗಬೇಕಾದ್ದು. ಮೋಟರಿಗೆ ಟೀ ಬರುವಷ್ಟರಲ್ಲಿ 43 ಆಗಿತ್ತು. ಆದರೂ ಆ ಹೊತ್ತಿಗೆ ನನಗೆ ಅದರ ಮೇಲೆ ಭರವಸೆ ಇರಲಿಲ್ಲ. ಗೊತ್ತಿರೋದು ಬೇರೆ, ಬೇಕಾಗಿರೋದು ಬೇರೆ.

ಮೊದಲ ತಿಂಗಳು ಗೆದ್ದದ್ದು ಮೊಬೈಲ್ ಚಾನೆಲ್ಲೇ. ಅಣ್ಣನ ಮಗ ಬೀಗಿದ್ದೂ ಹೌದು. ಮೂವತ್ತನೇ ದಿನಕ್ಕೆ, ಚಾನೆಲ್ಲಿನ ಲೆಕ್ಕ ತೋರಿಸುವ ಯೂಟ್ಯೂಬ್ ಸ್ಟುಡಿಯೋದಲ್ಲಿ ವೀಕ್ಷಕರು ಎಲ್ಲಿಂದ ಬಂದರು ಅನ್ನುವ ಪುಟ ತೆರೆದು ನೋಡಿದರೆ, ಬಹುಪಾಲು ವಾಟ್ಸ್ಆ್ಯಪ್ ಮೂಲಕ ಬಂದವರು. ಅಂದರೆ ಕಾಲೇಜಿನ ಗೆಳೆಯರು, ನೆಂಟರು. ಅವರನ್ನು ತೆಗೆದು, ಯೂಟ್ಯೂಬ್ ಹುಡುಕಾಟದಿಂದ ಮತ್ತು ಯೂಟ್ಯೂಬೇ ತೋರಿಸಿದ್ದರಿಂದ ಬಂದವರನ್ನಷ್ಟೇ ಎಣಿಸಿದಾಗ ಚಿತ್ರ ಬದಲಾಯಿತು. ಹೊಸ ಚಾನೆಲ್ ಇಟ್ಟವರು ಮೊದಲು ನೋಡಬೇಕಾದ ಪುಟ ಇದು ಅಂತ ನನ್ನ ಅಭಿಪ್ರಾಯ. ಒಟ್ಟು ವೀಕ್ಷಣೆ ಬರೀ ಮರ್ಯಾದೆಯ ಸಂಖ್ಯೆ.

ಮೊಬೈಲಿನ ತೊಂದರೆ ಬೇಡಿಕೆಯದಲ್ಲ, ಬೇಡಿಕೆ ಬೆಟ್ಟದಷ್ಟಿದೆ. ತೊಂದರೆ ಏನೆಂದರೆ ಆ ಬೇಡಿಕೆ ಬಿಡುಗಡೆಯ ವಾರದಲ್ಲೇ ತೀರಿಹೋಗುತ್ತದೆ. ದೊಡ್ಡ ಚಾನೆಲ್‌ಗಳಿಗೆ ಕಂಪನಿಯವರೇ ಮುಂಚಿತವಾಗಿ ಫೋನು ಕಳಿಸುತ್ತಾರೆ, ನಾವು ಅಂಗಡಿಯಲ್ಲಿ ಕೊಳ್ಳುವ ಹೊತ್ತಿಗೆ ಅವರ ವಿಡಿಯೋ ಊರೆಲ್ಲ ಸುತ್ತಿರುತ್ತದೆ. ಕನ್ನಡದ ಪೈಪೋಟಿ ಮಾತ್ರ ಅಂತಲೂ ತಿಳಿಯಬೇಡಿ. ಫೋನ್ ವಿಷಯದಲ್ಲಿ ನಮ್ಮ ಹುಡುಗರು ಹಿಂದಿ, ಇಂಗ್ಲಿಷ್ ವಿಡಿಯೋವನ್ನೂ ನೋಡುತ್ತಾರೆ. ಆರು ವಿಡಿಯೋಗೆ ಎರಡು ಹಳೇ ಫೋನು ಕೊಂಡು ಮಾರಿದ್ದರಲ್ಲಿ ನಾಲ್ಕು ಸಾವಿರ ಕೈಬಿಟ್ಟಿತು. 60ನೇ ದಿನದ ನಂತರ ಆ ಚಾನೆಲ್ಲಿನ ಗೆರೆ ನೆಲಕ್ಕೆ ಅಂಟಿಕೊಂಡಿತು.

ಷೇರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾಹೀರಾತುದಾರರು ಹಣಕಾಸು ವಿಡಿಯೋಗೆ ಹೆಚ್ಚು ಕೊಡುತ್ತಾರೆ ಎಂದು ಗೆಳೆಯ ಹೇಳಿದ್ದು ನಿಜವೇ. ಆದರೆ ಕಾಮೆಂಟಿನಲ್ಲಿ ಬರುವ ಪ್ರಶ್ನೆ ಒಂದೇ: ಯಾವ ಷೇರು ತಗೊಳ್ಳಲಿ ಸರ್? ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ನೋಂದಣಿ ಇಲ್ಲದವನು ದುಡ್ಡು ಪಡೆದು ಅದಕ್ಕೆ ಸಲಹೆ ಕೊಡುವ ಹಾಗಿಲ್ಲ. ಹೇಳದೆ ಇದ್ದರೆ ನೋಡುವವರಿಗೆ ಬೇಸರ, ಹೇಳಿದರೆ ಕಾನೂನಿನ ತೊಡಕು. ಹತ್ತು ವರ್ಷ ಆ ಕ್ಷೇತ್ರದಲ್ಲಿ ಇದ್ದವರಿಗೆ ಅದು ಸರಿಯಾದ ವಿಷಯ ಇರಬಹುದು. ನಾನು ಓದಿ ಓದಿ ಹೇಳುತ್ತಿದ್ದೆ, ಅದು ಮುಖದಲ್ಲೇ ಕಾಣುತ್ತಿತ್ತು. ನಾಲ್ಕನೇ ವಿಡಿಯೋದಲ್ಲಿ ಡಿವಿಡೆಂಡ್ ಬಗ್ಗೆ ತಪ್ಪು ಹೇಳಿ, ನೋಡಿದವರೊಬ್ಬರು ತಿದ್ದಿದರು.

ಇನ್ನು ಮೋಟರ್. ಮೊದಲ ವಿಡಿಯೋಗೆ ನಾನಿಟ್ಟ ಹೆಸರು ‘ಡಿಓಎಲ್ ಸ್ಟಾರ್ಟರ್ ಹೋಲ್ಡಿಂಗ್ ಕಾಂಟ್ಯಾಕ್ಟ್ ದುರಸ್ತಿ’. ಎರಡು ವಾರಕ್ಕೆ 70 ಜನ ನೋಡಿದರು. ಕಾರಣ ಗೊತ್ತಾದದ್ದು ಅಂಗಡಿಯಲ್ಲೇ. ಗುಬ್ಬಿ ಕಡೆಯ ರೈತರೊಬ್ಬರು ಸ್ಟಾರ್ಟರ್ ತಂದು ಮೇಜಿನ ಮೇಲಿಟ್ಟು, ‘ಬಟನ್ ಒತ್ಕೊಂಡಿದ್ರೆ ಓಡ್ತದಣ್ಣ, ಕೈ ಬಿಟ್ರೆ ನಿಂತೋಗ್ತದೆ’ ಅಂದರು. ರೋಗ ಅದೇ. ಹಸಿರು ಗುಂಡಿ ಬಿಟ್ಟ ಮೇಲೂ ಕಾಯಿಲ್‌ಗೆ ಕರೆಂಟ್ ಕೊಡುತ್ತಾ ಇರಬೇಕಾದ ಪಕ್ಕದ ಸಣ್ಣ ಕಾಂಟ್ಯಾಕ್ಟಿಗೆ ಕಿಟ್ಟ ಹಿಡಿದಿರುತ್ತದೆ, ಇಲ್ಲವೇ ಅದರ ತಂತಿ ಸಡಿಲವಾಗಿರುತ್ತದೆ. ಆದರೆ ಹೋಲ್ಡಿಂಗ್ ಕಾಂಟ್ಯಾಕ್ಟ್ ಅಂತ ಹುಡುಕುವವನು ನನ್ನಂಥ ಮೆಕ್ಯಾನಿಕ್, ಅವನಿಗೆ ವಿಡಿಯೋ ಬೇಡ. ಆ ರಾತ್ರಿ ಹೆಸರು ಬದಲಿಸಿದೆ: ‘ಬಟನ್ ಬಿಟ್ಟ ತಕ್ಷಣ ಮೋಟರ್ ನಿಲ್ಲುತ್ತಾ?’ ವಿಡಿಯೋ ಅದೇ, ಚಿತ್ರವೂ ಅದೇ. 90ನೇ ದಿನಕ್ಕೆ ಆ ಒಂದರಲ್ಲೇ ಮೂರು ಸಾವಿರ ದಾಟಿತ್ತು, ಹೆಚ್ಚಿನವರು ಹುಡುಕಾಟದಿಂದ ಬಂದವರು.

ಅವರು ಏನು ಟೈಪ್ ಮಾಡಿ ಬರುತ್ತಾರೆ ಅನ್ನುವುದನ್ನೂ ಸ್ಟುಡಿಯೋ ತೋರಿಸುತ್ತದೆ. ಕನ್ನಡ ಅಕ್ಷರದಲ್ಲಿ ಹುಡುಕುವವರು ಕಡಿಮೆ. `motor on agtilla`, `starter trip agtide`, ಹೀಗೆ. ವಿವರಣೆಯಲ್ಲಿ ಈ ರೂಪವನ್ನೂ ಸೇರಿಸತೊಡಗಿದೆ. ನೀವು ಯಾವ ವಿಷಯ ಆರಿಸುವವರಿದ್ದರೂ ಇದನ್ನು ವಿಡಿಯೋ ಮಾಡುವ ಮೊದಲೇ ಮಾಡಬಹುದು. ನಿಮ್ಮ ಹಳೇ ಹುಡುಕಾಟದ ನೆರಳು ಬೀಳದಂತೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಯೂಟ್ಯೂಬ್ ತೆರೆದು, ಗಿರಾಕಿ ಆಡುವ ಮಾತನ್ನೇ ಟೈಪ್ ಮಾಡಿ, ಕೆಳಗೆ ತಾನಾಗಿ ಮೂಡುವ ಸಾಲುಗಳನ್ನು ಬರೆದುಕೊಳ್ಳಿ.

ಪೈಪೋಟಿ ಅಳೆಯಲು ಅದೇ ಸಾಲುಗಳನ್ನು ಒಂದೊಂದಾಗಿ ಒತ್ತಿ ಮೊದಲ ಹತ್ತು ವಿಡಿಯೋ ನೋಡಿದೆ. ಹತ್ತೂ ದೊಡ್ಡ ಚಾನೆಲ್‌ಗಳದ್ದು, ಹೋದ ವಾರದ್ದು ಅಂದರೆ ಅಲ್ಲಿ ಜಾಗವಿಲ್ಲ. ಮೊಬೈಲಿನಲ್ಲಿ ಕಂಡದ್ದು ಹಾಗೆ. ಮೋಟರಿನಲ್ಲಿ ಬೇರೆ: ನಾಲ್ಕು ವರ್ಷ ಹಳೆಯ, ಅಲುಗಾಡುವ ವಿಡಿಯೋ, ಚಾನೆಲ್‌ಗೆ ಚಂದಾದಾರರು ಕೆಲವೇ ನೂರು, ವೀಕ್ಷಣೆ ಮಾತ್ರ ಹತ್ತಾರು ಸಾವಿರ. ಕೆಳಗೆ ಕಾಮೆಂಟಿನಲ್ಲಿ ಉತ್ತರ ಸಿಗದ ಪ್ರಶ್ನೆಗಳ ಸಾಲು. ಚಂದಾದಾರರಿಗಿಂತ ವೀಕ್ಷಣೆ ಹತ್ತಾರು ಪಟ್ಟು ಇದ್ದರೆ ಜನ ಚಾನೆಲ್ ನೋಡಿ ಬಂದಿಲ್ಲ, ಗತಿಯಿಲ್ಲದೆ ಬಂದಿದ್ದಾರೆ. ಪೈಪೋಟಿ ಸೊನ್ನೆಯಾದ ವಿಷಯವೂ ನನ್ನ ಪಟ್ಟಿಯಲ್ಲಿತ್ತು: ಹಳೇ ಡೀಸೆಲ್ ಎಂಜಿನ್ ಪಂಪು. ಅಲ್ಲಿ ಯಾರೂ ಇಲ್ಲದ್ದಕ್ಕೆ ಕಾರಣ, ನೋಡುವವರೂ ಇಲ್ಲ.

ಆದಾಯದ ಲೆಕ್ಕಕ್ಕೆ ಬರೋಣ, ಏಕೆಂದರೆ ಎಲ್ಲರೂ ತಪ್ಪು ತೂಗುವುದು ಇಲ್ಲೇ. ಜಾಹೀರಾತಿನ ಹಣಕ್ಕೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು (ಶಾರ್ಟ್ಸ್ ದಾರಿ ಬೇರೆ, 90 ದಿನದಲ್ಲಿ 1 ಕೋಟಿ ವೀಕ್ಷಣೆ, ಅದನ್ನು ನಾನು ಯೋಚಿಸಲೂ ಇಲ್ಲ). 4,000 ಗಂಟೆ ಅಂದರೆ 2,40,000 ನಿಮಿಷ. ಮೋಟರ್ ವಿಡಿಯೋ ಒಬ್ಬರು ಸರಾಸರಿ 4 ನಿಮಿಷ ನೋಡುತ್ತಿದ್ದರು, ಹಾಗಾಗಿ 60,000 ವೀಕ್ಷಣೆ ಸಾಕು. ಮೊಬೈಲ್ ವಿಡಿಯೋದಲ್ಲಿ ಒಂದೂವರೆ ನಿಮಿಷಕ್ಕೇ ಎದ್ದು ಹೋಗುತ್ತಿದ್ದರು, ಅದೇ 4,000 ಗಂಟೆ ತುಂಬಲು 1,60,000 ವೀಕ್ಷಣೆ ಬೇಕು. ಮೋಟರ್ ಕೆಟ್ಟು ಬೆಳೆ ಒಣಗುತ್ತಿರುವ ಮನುಷ್ಯ ವಿಡಿಯೋ ಬಿಟ್ಟು ಎಲ್ಲಿಗೆ ಹೋಗುತ್ತಾನೆ?

ಮೊಬೈಲ್, ಷೇರು ಎರಡನ್ನೂ 90ನೇ ದಿನ ನಿಲ್ಲಿಸಿದೆವು, ಹಾಗಾಗಿ ಅವುಗಳ ಗಳಿಕೆ ನನ್ನ ಕೈಯಾರೆ ಕಂಡದ್ದಲ್ಲ. ಮೋಟರ್ ಚಾನೆಲ್ 11ನೇ ತಿಂಗಳಿಗೆ ಗಡಿ ದಾಟಿತು. ವಿಡಿಯೋ ಜೊತೆ ಬರುವ ಜಾಹೀರಾತಿನ ಹಣದಲ್ಲಿ ನಮಗೆ ಬರುವ ಪಾಲು ಶೇಕಡಾ 55. ಸ್ಟುಡಿಯೋದಲ್ಲಿ ಆರ್‌ಪಿಎಂ ಅಂತ ಒಂದು ಅಂಕಿ ಇರುತ್ತದೆ, ಸಾವಿರ ವೀಕ್ಷಣೆಗೆ ನಮ್ಮ ಕೈಗೆ ಬರುವ ಹಣ. (ನಮ್ಮ ಅಂಗಡಿಯಲ್ಲಿ ಆರ್‌ಪಿಎಂ ಅಂದರೆ ಮೋಟರ್ ನಿಮಿಷಕ್ಕೆ ಸುತ್ತುವ ಲೆಕ್ಕ, 2,880. ಇಲ್ಲಿ 30 ನೋಡಿ ಮೋಟರ್ ಜಾಮ್ ಆಗಿದೆ ಅಂದುಕೊಂಡೆ.) ತಿಂಗಳಿಗೆ 40,000 ವೀಕ್ಷಣೆ, ಸಾವಿರಕ್ಕೆ 30 ರೂಪಾಯಿ, ಅಂದರೆ 1,200 ರೂಪಾಯಿ. 100 ಡಾಲರ್ ತುಂಬುವ ತನಕ ಬ್ಯಾಂಕಿಗೆ ಹಾಕುವುದಿಲ್ಲ, ಆದ್ದರಿಂದ ಮೊದಲ ಹಣ ಬರಲು ಇನ್ನೂ ಏಳು ತಿಂಗಳು ಹಿಡಿಯಿತು.

ಇಷ್ಟಕ್ಕೇ ನೋಡಿದರೆ ಷೇರೇ ಒಳ್ಳೇದಿತ್ತು ಅನ್ನಿಸುತ್ತದೆ. ಆದರೆ ವಿಡಿಯೋ ನೋಡಿ ತುರುವೇಕೆರೆ, ಹೊಸದುರ್ಗದಿಂದ ಸ್ಟಾರ್ಟರ್ ಕಳಿಸುವವರು, ಪ್ಯಾನಲ್ ಮಾಡಿಸುವವರು ಬರತೊಡಗಿದರು. ತಿಂಗಳಿಗೆ ಅಂಥ ಎಂಟ್ಹತ್ತು ಕೆಲಸ ಬಂದರೂ ಅದರ ಮುಂದೆ ಜಾಹೀರಾತಿನ ಹಣ ಚಿಲ್ಲರೆ. ಇದು ನಾನು ಮೊದಲೇ ತೂಗದೇ ಬಿಟ್ಟಿದ್ದ ಅಂಶ. ಒಂದು ವಿಷಯ ಜಾಹೀರಾತಲ್ಲದೆ ಬೇರೆ ಏನನ್ನು ತರಬಲ್ಲದು ಅಂತ ಕೇಳಿಕೊಂಡರೆ, ಮೊಬೈಲ್ ಚಾನೆಲ್ ನನಗೆ ತರುತ್ತಿದ್ದದ್ದು ಇನ್ನೊಂದು ಫೋನು ಕೊಳ್ಳುವ ಖರ್ಚು. ಜೊತೆಗೆ ಆ ಬಟನ್ ವಿಡಿಯೋ ಎರಡು ವರ್ಷ ಆದರೂ ಇಳಿದಿಲ್ಲ, ಸ್ಟಾರ್ಟರ್ ಬದಲಾದರೆ ತಾನೇ ಇಳಿಯೋದು.

ಮೋಟರಿಗೆ ಕೊರತೆ ಇಲ್ಲವೆಂದಲ್ಲ. ಗೂಗಲ್ ಟ್ರೆಂಡ್ಸ್‌ನಲ್ಲಿ ಯೂಟ್ಯೂಬ್ ಹುಡುಕಾಟ, ಕರ್ನಾಟಕ, ಐದು ವರ್ಷ ಅಂತ ಆರಿಸಿ ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು: ಬೇಸಿಗೆಯಲ್ಲಿ ಏರುವ ಗೆರೆ ಮಳೆ ಬಂದೊಡನೆ ಕುಸಿಯುತ್ತದೆ. ಜುಲೈನಲ್ಲಿ ನನ್ನ ವೀಕ್ಷಣೆ ಅರ್ಧಕ್ಕಿಳಿಯಿತು. ಜವಾಬ್ದಾರಿಯೂ ಹೆಚ್ಚು. ಒಂದು ವಿಡಿಯೋದಲ್ಲಿ ಮೇನ್ ಸ್ವಿಚ್ ಆಫ್ ಮಾಡುವುದನ್ನು ತೋರಿಸದೆ ನೇರವಾಗಿ ಮುಚ್ಚಳ ಬಿಚ್ಚಿದ್ದೆ. 415 ವೋಲ್ಟ್ ಅದು. ಒಂಬತ್ತು ಸಾವಿರ ವೀಕ್ಷಣೆ ಇದ್ದರೂ ತೆಗೆದುಹಾಕಿ ಮತ್ತೆ ಚಿತ್ರೀಕರಿಸಿದೆ, ಹೊಸದು ಇನ್ನೂ ಎರಡು ಸಾವಿರದಲ್ಲಿದೆ.

ಗಂಟೆವಾರು ಪಟ್ಟಿ ನೋಡುವುದು ಈಗ ಚಟವಾಗಿದೆ. ರಾತ್ರಿ ಒಂದು ಗಂಟೆಗೂ ನಾಲ್ಕೈದು ಜನ ಇರುತ್ತಾರೆ, ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಊರಿನವರು ಇರಬೇಕು. ಇತ್ತೀಚೆಗೆ ಕಾಮೆಂಟಿನಲ್ಲಿ ಸೋಲಾರ್ ಪಂಪಿನ ಕಂಟ್ರೋಲರ್ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ಹುಡುಕಿ ನೋಡಿದೆ, ಕನ್ನಡದಲ್ಲಿ ಒಳ್ಳೆಯ ವಿಡಿಯೋ ಕಡಿಮೆ. ಅಣ್ಣನ ಮಗ ಎರಡನೇ ಚಾನೆಲ್ ಮಾಡೋಣ ಅಂತ ಕುಣಿಯುತ್ತಿದ್ದಾನೆ. ಹಾಳೆ ತೆಗೆದು ಹೆಸರು ಬರೆಯಲು ಕೂತೆ, ನಾಲ್ಕಕ್ಕೆ ಪೆನ್ನು ನಿಂತಿತು. ನಾನು ಇದುವರೆಗೆ ಬಿಚ್ಚಿರುವುದೇ ಎರಡು ಕಂಟ್ರೋಲರ್. ಅಂಗಡಿಗೆ ಮೂರನೆಯದು ಬಂದರೆ ಕೂಲಿ ತಗೊಳ್ಳದೆ ಮಾಡಿಕೊಡುತ್ತೇನೆ ಅಂತ ಬೋರ್ಡು ಬರೆಸಿದ್ದೇನೆ.